ಒಂದು ಸುತ್ತು ಹೆಚ್ಚಾದರೆ 27 ಆಂಪಿಯರ್

ಒಂದೇ 11 ಕೆವಿ ಲೈನಿನಲ್ಲಿ 25 ಕೆವಿಎ ಸಾಮರ್ಥ್ಯದ ಎರಡು ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್‌ಗಳಿವೆ ಎಂದುಕೊಳ್ಳೋಣ. ಎರಡರ ಫಲಕದ ಮೇಲೂ 11000/240 ವೋಲ್ಟ್, ಇಂಪೀಡೆನ್ಸ್ ಶೇ. 4 ಎಂದೇ ಇದೆ. ಒಂದು ಹೊಸದು. ಇನ್ನೊಂದು ಸುಟ್ಟು, ರೀವೈಂಡಿಂಗ್ ಆಗಿ ಬಂದದ್ದು. ಮೂಲ ಲೆಕ್ಕದಲ್ಲಿ ಹೈವೋಲ್ಟೇಜ್ ಕಡೆ 2200 ಸುತ್ತು, ಲೋವೋಲ್ಟೇಜ್ ಕಡೆ 48 ಸುತ್ತು. ಅಂದರೆ ಸುತ್ತಿಗೆ 5 ವೋಲ್ಟ್. ರೀವೈಂಡಿಂಗ್ ಮಾಡಿದವರು ಲೋವೋಲ್ಟೇಜ್ ಕಡೆ 49 ಸುತ್ತು ಹಾಕಿಬಿಟ್ಟರೆ ಅದು 240ರ ಬದಲು 245 ವೋಲ್ಟ್ ಕೊಡುತ್ತದೆ. ಒಂಟಿಯಾಗಿ ಓಡುವಾಗ ಈ 5 ವೋಲ್ಟ್ ಯಾರ ಗಮನಕ್ಕೂ ಬರುವುದಿಲ್ಲ. ಪ್ಯಾರಲಲ್ ಮಾಡಿದ ಕ್ಷಣದಿಂದ ಅದರ ಬಿಲ್ ಶುರುವಾಗುತ್ತದೆ.

25 ಕೆವಿಎಗೆ 240 ವೋಲ್ಟ್‌ನಲ್ಲಿ ಪೂರ್ಣ ಕರೆಂಟು 104 ಆಂಪಿಯರ್. ಶೇ. 4 ಇಂಪೀಡೆನ್ಸ್ ಎಂದರೆ ಲೋವೋಲ್ಟೇಜ್ ಕಡೆಯಿಂದ ನೋಡಿದಾಗ ಒಂದೊಂದಕ್ಕೆ 0.092 ಓಮ್, ಎರಡೂ ಸೇರಿದ ಕುಣಿಕೆಗೆ 0.184 ಓಮ್. ಇಷ್ಟು ಕಡಿಮೆ ತಡೆಯ ಮೇಲೆ 5 ವೋಲ್ಟ್ ಕೂತರೆ 27 ಆಂಪಿಯರ್ ಹರಿಯುತ್ತದೆ. ಇದು ಗ್ರಾಹಕರ ಕಡೆ ಹೋಗುವ ಕರೆಂಟಲ್ಲ. ಒಂದರಿಂದ ಹೊರಟು ಇನ್ನೊಂದರೊಳಗೆ ಹೊಕ್ಕು, ಲೋಡೇ ಇಲ್ಲದ ನಡುರಾತ್ರಿಯಲ್ಲೂ ಸುತ್ತುತ್ತಲೇ ಇರುತ್ತದೆ.

ಪೂರ್ಣ ಲೋಡಿನ ತಾಮ್ರನಷ್ಟ ಒಂದೊಂದಕ್ಕೆ 400 ವ್ಯಾಟ್ ಎಂದು ಹಿಡಿಯೋಣ. ಪೂರ್ಣ ಕರೆಂಟಿನ ಶೇ. 26ರಷ್ಟು ಸುತ್ತಿದರೆ ಒಂದೊಂದರಲ್ಲಿ 27 ವ್ಯಾಟ್, ಜೋಡಿಗೆ 54 ವ್ಯಾಟ್ ಹೆಚ್ಚುವರಿ ನಷ್ಟ. ಇಂಪೀಡೆನ್ಸ್ ಸಮನಾಗಿರುವ ಜೋಡಿಯಲ್ಲಿ ಲೋಡ್ ಏರಲಿ ಇಳಿಯಲಿ, ಈ ಹೆಚ್ಚುವರಿ ಬದಲಾಗುವುದಿಲ್ಲ. ವರ್ಷದ 8760 ಗಂಟೆಗೆ 475 ಯೂನಿಟ್. ಯೂನಿಟ್‌ಗೆ ₹7 ಎಂದು ಇಟ್ಟುಕೊಂಡರೂ ₹3,300ಕ್ಕೂ ಮೇಲೆ.

ಹಣಕ್ಕಿಂತ ತೊಂದರೆ ಕೊಡುವುದು ಬಿಸಿ. ಜೋಡಿಯ ಮೇಲೆ ಪೂರ್ಣ 208 ಆಂಪಿಯರ್ ಲೋಡ್, ಪವರ್ ಫ್ಯಾಕ್ಟರ್ 0.85 ಇದ್ದಾಗ 245 ವೋಲ್ಟ್‌ನದು ಸುಮಾರು 127 ಆಂಪಿಯರ್ ಹೊರುತ್ತದೆ, ಇನ್ನೊಂದು 83 ಆಂಪಿಯರ್. ಹೆಚ್ಚು ಹೊತ್ತದ್ದರ ತಾಮ್ರನಷ್ಟ ಒಂದೂವರೆ ಪಟ್ಟು. ಈ ಲೋಡ್ ಬಿಡದೆ ನಿಂತರೆ ಮತ್ತೆ ರೀವೈಂಡಿಂಗ್‌ಗೆ ಹೋಗುವುದು ಅದೇ ಟ್ರಾನ್ಸ್‌ಫಾರ್ಮರ್. ಆಗ ಲೋಡ್ ಹೆಚ್ಚಾಯಿತು ಎಂದು ವರದಿ ಬರೆದು ಕೈತೊಳೆದುಕೊಳ್ಳುವುದು ಸುಲಭ.

ಪತ್ತೆ ಮಾಡುವ ದಾರಿಯೂ ಇಲ್ಲಿಯೇ ಇದೆ. ಲೋಡ್ ಕಡಿಮೆಯಿರುವ ಹೊತ್ತಿನಲ್ಲಿ ಟಾಂಗ್ ಟೆಸ್ಟರ್ ಹಿಡಿಯಬೇಕು. ಹೊರಹೋಗುವ ಕೇಬಲ್‌ನಲ್ಲಿ 20 ಆಂಪಿಯರ್ ಇದ್ದರೆ, ನಮ್ಮ ಜೋಡಿಯಲ್ಲಿ ಒಂದರ ಮೇಲೆ ಸುಮಾರು 36, ಇನ್ನೊಂದರ ಮೇಲೆ 20 ಕಾಣುತ್ತದೆ. ಒಟ್ಟು 56. ಪೂರ್ಣ ಲೋಡಿನಲ್ಲಿ ಅಳೆದರೆ ಮೊತ್ತ 208ರ ಬದಲು 211 ಬರುವುದರಿಂದ ಗುಟ್ಟು ಬಯಲಾಗುವುದೇ ಇಲ್ಲ.

ಜೋಡಿಸುವ ಮೊದಲೇ ತಿಳಿಯಬೇಕಾದರೆ ಒಂದು ವೋಲ್ಟ್‌ಮೀಟರ್ ಸಾಕು. ಎರಡರ ಹೈವೋಲ್ಟೇಜ್ ಕಡೆಗೂ ಅದೇ ಲೈನಿನ ಸಪ್ಲೈ ಕೊಟ್ಟು, ಲೋವೋಲ್ಟೇಜ್ ಕಡೆ ಒಂದು ಟರ್ಮಿನಲ್ ಮಾತ್ರ ಕೂಡಿಸಿ, ಉಳಿದ ಎರಡು ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿಯಬೇಕು. ಇದು ಜೀವಂತ ಲೈನಿನ ಕೆಲಸ, ಅಧಿಕೃತ ಸಿಬ್ಬಂದಿಯದ್ದು. ಸೊನ್ನೆಯ ಆಸುಪಾಸು ಬಂದರೆ ಸರಿ. 5 ವೋಲ್ಟ್ ಬಂದರೆ ಅದು ನಮ್ಮ ಹೆಚ್ಚಿನ ಸುತ್ತು. 240 ಬಂದರೆ ಒಂದಕ್ಕೆ ಸಪ್ಲೈಯೇ ಇಲ್ಲ, ಹೈವೋಲ್ಟೇಜ್ ಫ್ಯೂಸ್ ನೋಡಬೇಕು. 480 ಬಂದರೆ ಪೊಲಾರಿಟಿ ತಿರುಗಾಮುರುಗಾ. ಮೊದಲು ಒಂದೇ ಟ್ರಾನ್ಸ್‌ಫಾರ್ಮರ್‌ನ ಮೇಲೆ ಮೀಟರ್ ಹಿಡಿದು 240 ತೋರಿಸುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಪ್ರೋಬ್ ಸರಿಯಾಗಿ ತಾಗದಿದ್ದರೂ ಸೊನ್ನೆಯೇ ಬರುತ್ತದೆ. ಮೀಟರ್ ಬದಲು ಬಲ್ಬ್ ಹಿಡಿಯುವವರು ಎರಡು ಬಲ್ಬುಗಳನ್ನು ಸರಣಿಯಲ್ಲಿ ಹಾಕಬೇಕು, 480ಕ್ಕೆ ಒಂದು ಬಲ್ಬ್ ತಡೆಯುವುದಿಲ್ಲ.

ಆ 480ನ್ನು ನೋಡದೆ ಕೂಡಿಸಿಬಿಟ್ಟರೆ 0.184 ಓಮ್ ಮೂಲಕ 2600 ಆಂಪಿಯರ್, ಅಂದರೆ ಪೂರ್ಣ ಕರೆಂಟಿನ 25 ಪಟ್ಟು. ಇದು ಎರಡೂ ಟ್ರಾನ್ಸ್‌ಫಾರ್ಮರ್‌ಗಳ ಬಾಯಿಗೆ ನೇರ ಶಾರ್ಟ್ ಕೊಟ್ಟದ್ದಕ್ಕೆ ಸಮ. ಸುತ್ತಿನ ವ್ಯತ್ಯಾಸ ನಿಧಾನವಾಗಿ ತಿನ್ನುತ್ತದೆ, ಪೊಲಾರಿಟಿ ತಪ್ಪು ಆ ಕ್ಷಣಕ್ಕೇ ಫ್ಯೂಸ್ ಹಾರಿಸುತ್ತದೆ. ಪರಿಹಾರ ಮಾತ್ರ ಪುಕ್ಕಟೆ: ಸಪ್ಲೈ ತೆಗೆದು, ಒಂದರ ಲೋವೋಲ್ಟೇಜ್ ಲೀಡುಗಳನ್ನು ಅದಲುಬದಲು ಮಾಡಿ, ಅರ್ಥಿಂಗ್ ಕೂಡಿಸಿದ ಟರ್ಮಿನಲ್ ಕಡೆಯೇ ಇದೆಯೇ ಎಂದು ನೋಡಿದರೆ ಮುಗಿಯಿತು.

ಎಷ್ಟು ವೋಲ್ಟ್ ವ್ಯತ್ಯಾಸ ಸಹಿಸಬಹುದು? ಟ್ರಾನ್ಸ್‌ಫಾರ್ಮರ್ ಮಾನಕದ ಪ್ರಕಾರ ಅನುಪಾತದಲ್ಲಿ ಶೇ. 0.5 ಅಥವಾ ಇಂಪೀಡೆನ್ಸ್ ಶೇಕಡಾವಾರಿನ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಶೇ. 4ರ ಟ್ರಾನ್ಸ್‌ಫಾರ್ಮರ್‌ಗೆ ಅದು ಶೇ. 0.4. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿದಿದ್ದರೂ ಅಂತರ 2 ವೋಲ್ಟ್ ದಾಟುವುದಿಲ್ಲ, ಸುತ್ತುವ ಕರೆಂಟು ಶೇ. 10ರಲ್ಲಿ ನಿಲ್ಲುತ್ತದೆ. ಹಾಗಾಗಿ ಈ ಜೋಡಿಯಲ್ಲಿ ಮೀಟರ್ 2 ವೋಲ್ಟ್ ದಾಟಿದರೆ ಕೂಡಿಸದಿರುವುದೇ ಲೇಸು.

ಈ ಮೀಟರ್ ಹೇಳದ ಮೂರನೆಯ ಸಂಗತಿ ಇಂಪೀಡೆನ್ಸ್. ವೋಲ್ಟೇಜ್, ಪೊಲಾರಿಟಿ ಎರಡೂ ತಾಳೆಯಾಗಿ ಸೊನ್ನೆ ಬಂದ ಜೋಡಿಯೂ ಲೋಡ್ ಬಿದ್ದಾಗ ಸಮನಾಗಿ ಹಂಚಿಕೊಳ್ಳದಿರಬಹುದು. ಶೇ. 4 ಎಂಬ ಫಲಕಕ್ಕೂ ಹತ್ತನೇ ಒಂದು ಭಾಗದ ಹೆಚ್ಚುಕಡಿಮೆಗೆ ಅವಕಾಶವಿದೆ. ಒಂದು 3.6, ಇನ್ನೊಂದು 4.4 ಆದರೆ 50 ಕೆವಿಎ ಲೋಡಿನಲ್ಲಿ 27.5 ಮತ್ತು 22.5ರ ಪಾಲು. ಮೊದಲನೆಯದು ತುಂಬುವಷ್ಟರಲ್ಲಿ ನಿಲ್ಲಿಸಿದರೆ ಜೋಡಿಯ ನಿಜ ಸಾಮರ್ಥ್ಯ ಸುಮಾರು 45 ಕೆವಿಎ.

ಅಳತೆ ಬೇರೆಯಾದಾಗ ಪೆಟ್ಟು ದೊಡ್ಡದು. ಹಳೆಯ 16 ಕೆವಿಎ, ಶೇ. 3ರದಕ್ಕೆ 25 ಕೆವಿಎ, ಶೇ. 4.5ರದನ್ನು ಸೇರಿಸಿ 41 ಕೆವಿಎ ಎಂದು ಲೆಕ್ಕ ಹಾಕುವವರಿದ್ದಾರೆ. ಪಾಲು ಬರುವುದು ಕೆವಿಎಯನ್ನು ಶೇಕಡಾವಾರಿನಿಂದ ಭಾಗಿಸಿದಾಗ: 16ನ್ನು 3ರಿಂದ ಭಾಗಿಸಿದರೆ 5.33, 25ನ್ನು 4.5ರಿಂದ ಭಾಗಿಸಿದರೆ 5.56. ಹೆಚ್ಚುಕಡಿಮೆ ಅರ್ಧರ್ಧ. 41ರಲ್ಲಿ 20 ಕೆವಿಎ ಚಿಕ್ಕದರ ತಲೆಗೆ, ಅಂದರೆ ಶೇ. 25ರಷ್ಟು ಹೆಚ್ಚು ಹೊರೆ. ಚಿಕ್ಕದು 16ಕ್ಕೆ ಬಂದಾಗ ದೊಡ್ಡದು 16.7ರಲ್ಲಿದೆ, ಒಟ್ಟು 32.7 ಕೆವಿಎ. ಉಳಿದ 8.3 ಕೆವಿಎಗೆ ಹಣ ಕೊಟ್ಟಿದ್ದರೂ ಬಳಸುವಂತಿಲ್ಲ. ಹೊರಹೋಗುವ ಬ್ರೇಕರ್‌ನ ಮಿತಿ 170 ಆಂಪಿಯರ್ ಅಲ್ಲ, 136. ಎರಡೂ ಶೇ. 4 ಆಗಿದ್ದರೆ ಅಳತೆ ಬೇರೆಯಾದರೂ 25 ಮತ್ತು 16ರ ಪ್ರಮಾಣದಲ್ಲೇ ಹಂಚಿಹೋಗುತ್ತಿತ್ತು. ಸಮನಾಗಬೇಕಾದದ್ದು ಓಮ್ ಅಲ್ಲ, ಶೇಕಡಾವಾರು.

ಫಲಕ ನಂಬುವಂತಿಲ್ಲದಿದ್ದರೆ ವರ್ಕ್‌ಶಾಪಿನಲ್ಲಿ, ಲೈನಿನಿಂದ ಬಿಚ್ಚಿಟ್ಟ 25 ಕೆವಿಎ ಟ್ರಾನ್ಸ್‌ಫಾರ್ಮರ್‌ನ ಲೋವೋಲ್ಟೇಜ್ ಕಡೆಯನ್ನು ದಪ್ಪ ತಾಮ್ರದ ತಂತಿಯಿಂದ ಶಾರ್ಟ್ ಮಾಡಿ, ಹೈವೋಲ್ಟೇಜ್ ಕಡೆಗೆ ಫ್ಯೂಸ್ ಮೂಲಕ ಮಾಮೂಲಿ 240 ವೋಲ್ಟ್ ಕೊಟ್ಟು ಕರೆಂಟು ಅಳೆಯಬೇಕು. 1.24 ಆಂಪಿಯರ್ ಬಂದರೆ ಶೇ. 4. 1.38 ಬಂದರೆ 3.6, 1.13 ಬಂದರೆ 4.4. ಶಾರ್ಟ್ ಮಾಡಿದ ತಂತಿಯಲ್ಲಿ ಆಗ ಸುಮಾರು 57 ಆಂಪಿಯರ್ ಇರುತ್ತದೆ. ತೆಳ್ಳಗಿನ ತಂತಿಯೋ ಸಡಿಲ ಬೋಲ್ಟೋ ಇದ್ದರೆ ಅದರ ತಡೆಯೂ ಸೇರಿಕೊಂಡು ಇಂಪೀಡೆನ್ಸ್ ಹೆಚ್ಚಾಗಿ ಕಾಣುತ್ತದೆ.