ಅಂಗಿಯ ಮೇಲೊಂದು ಮಂಗಟ್ಟೆ

ಟೀ ಶರ್ಟಿಗೆ ಚಿತ್ರ ಬೇಕೆಂದು ಎಐ ಸಾಧನದ ಮುಂದೆ ಕುಳಿತವರು ಸಾಮಾನ್ಯವಾಗಿ ‘ಹಿನ್ನೆಲೆ ಪಾರದರ್ಶಕವಾಗಿರಲಿ’ ಎಂದು ಬರೆಯುತ್ತಾರೆ. ಬಂದ ಚಿತ್ರದ ಹಿಂದೆ ಬೂದು-ಬಿಳಿ ಚೌಕುಳಿ ಕಾಣಿಸುತ್ತದೆ. ಫೋಟೊ ತಿದ್ದುವ ತಂತ್ರಾಂಶಗಳು ‘ಇಲ್ಲಿ ಏನೂ ಇಲ್ಲ’ ಎನ್ನಲು ತೋರಿಸುವ ಗುರುತೇ ಅದು, ಹಾಗಾಗಿ ಕೆಲಸ ಆಯಿತೆಂದೇ ಅನ್ನಿಸುತ್ತದೆ. ಆದರೆ ಅನೇಕ ಸಲ ಆ ಚೌಕುಳಿಯೂ ಚಿತ್ರದ ಭಾಗವೇ. ಪ್ರಿಂಟಿಗೆ ಕೊಟ್ಟರೆ ಹಕ್ಕಿಯ ಜೊತೆ ಚೌಕುಳಿಯೂ ಎದೆಯ ಮೇಲೆ ಕೂರುತ್ತದೆ.

ಹೀಗಾಗುವುದಕ್ಕೆ ಕಾರಣವಿದೆ. ಕಂಪ್ಯೂಟರಿನ ಚಿತ್ರದಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕೆಗಳಿರುತ್ತವೆ. ಪಾರದರ್ಶಕತೆಗೆ ಆಲ್ಫಾ ಎಂಬ ನಾಲ್ಕನೆಯ ಅಂಕೆ ಬೇಕು. ಚಿತ್ರ ಬರೆಯುವ ಬಹುಪಾಲು ಮಾದರಿಗಳು ಕಲಿತದ್ದು ಮೂರೇ ಅಂಕೆಯ ಚಿತ್ರಗಳಿಂದ. ಗೊಂದಲಮಯ ಚುಕ್ಕೆಗಳ ರಾಶಿಯಿಂದ ಹಂತಹಂತವಾಗಿ ಗದ್ದಲ ತೆಗೆಯುತ್ತಾ ಅವು ಚಿತ್ರ ಮೂಡಿಸುತ್ತವೆ, ನಾವು ಬರೆದ ಮಾತು ಆ ದಾರಿಗೆ ದಿಕ್ಕು ತೋರಿಸುತ್ತದೆ. ‘ಪಾರದರ್ಶಕ’ ಎಂಬ ಮಾತಿನ ಜೊತೆ ಅವು ಕಂಡ ಚಿತ್ರಗಳಲ್ಲಿ ಚೌಕುಳಿ ಇರುತ್ತಿತ್ತು, ಆದ್ದರಿಂದ ಚೌಕುಳಿಯನ್ನೇ ಬರೆದುಕೊಡುತ್ತವೆ. ಈಚಿನ ಕೆಲವು ಸಾಧನಗಳು ನಿಜವಾದ ಪಾರದರ್ಶಕ ಕಡತ ಕೊಡುತ್ತವೆ, ಆದರೆ ಅದು ಆ ಸಾಧನದಲ್ಲೇ ಅಡಕವಾದ ಸೌಲಭ್ಯ, ಬರೀ ಮಾತಿನ ಬಲವಲ್ಲ. ಅಸಲಿಯೋ ನಕಲಿಯೋ ನೋಡುವುದು ಸುಲಭ. ಚಿತ್ರದ ಕೆಳಗೆ ಒಂದು ನೀಲಿ ಪದರ ಹಾಕಿ. ಚೌಕುಳಿ ಹಾಗೇ ಉಳಿದರೆ ನಕಲಿ.

ಹಾಗಾದರೆ ಏನು ಕೇಳಬೇಕು? ಅದಕ್ಕೆ ಉತ್ತರ ಕಂಪ್ಯೂಟರಿಗಿಂತ ಹೆಚ್ಚಾಗಿ ಪ್ರಿಂಟಿಂಗ್ ಶೆಡ್ಡಿನಲ್ಲಿದೆ.

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದು ಬಣ್ಣಕ್ಕೆ ಒಂದು ಫ್ರೇಮ್. ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆಯಲ್ಲಿ ಚಿತ್ರದ ಭಾಗ ಮಾತ್ರ ತೆರೆದಿರುತ್ತದೆ, ಸ್ಕ್ವೀಜಿಯಿಂದ ಎಳೆದಾಗ ಆ ಸಂದಿಗಳಿಂದ ಬಣ್ಣ ಅಂಗಿಗಿಳಿಯುತ್ತದೆ. ಬಣ್ಣ ಹೆಚ್ಚಿದಷ್ಟೂ ಫ್ರೇಮ್, ದುಡ್ಡು, ಹೊಂದಾಣಿಕೆಯ ತಲೆನೋವು. ದಪ್ಪ ಬಣ್ಣಕ್ಕೆ ಬಳಸುವ ಜಾಲರಿಯಲ್ಲಿ ಇಂಚಿಗೆ 110 ಎಳೆಗಳಿದ್ದರೆ, ಎರಡು ಎಳೆಗಳ ನಡುವಿನ ಅಂತರ ಸುಮಾರು 0.23 ಮಿಲಿಮೀಟರ್. ಅದಕ್ಕಿಂತ ಸಣ್ಣ ಗೆರೆ ಒಂದೆಡೆ ಎಳೆಗೆ ಸಿಕ್ಕು ಮಾಯವಾಗುತ್ತದೆ, ಇನ್ನೊಂದೆಡೆ ಮೂಡುತ್ತದೆ, ಒಟ್ಟಿನಲ್ಲಿ ತುಂಡುತುಂಡಾಗುತ್ತದೆ. ಎರಡು ಫ್ರೇಮುಗಳ ನಡುವೆ ಅಂಗಿಯೂ ಕೂದಲೆಳೆಯಷ್ಟು ಜರುಗುತ್ತದೆ. ಎರಡು ಮಿಲಿಮೀಟರಿನ ಗೆರೆ ಇದ್ದರೆ ಅರ್ಧ ಮಿಲಿಮೀಟರಿನ ತಪ್ಪು ಅದರಡಿ ಮುಚ್ಚಿಹೋಗುತ್ತದೆ. ದಪ್ಪ ಗೆರೆ ಬೇಕೆನ್ನುವುದು ಶೋಕಿಗಲ್ಲ.

ಈಗ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ದಾಂಡೇಲಿಯ ಕಾಡಿನ ದೊಡ್ಡ ಮಂಗಟ್ಟೆ ಹಕ್ಕಿ, ಕಪ್ಪು ಅಂಗಿಯ ಮೇಲೆ. ಮೈ ಕಪ್ಪು, ಕತ್ತು ಮತ್ತು ಬಾಲ ಬಿಳಿ, ಬಾಲಕ್ಕೆ ಅಡ್ಡ ಕಪ್ಪು ಪಟ್ಟಿ, ಕೊಕ್ಕು ಮತ್ತು ಅದರ ಮೇಲಿನ ಶಿರಸ್ತ್ರಾಣ ಹಳದಿ. (ಆ ಹಳದಿಯ ಒಂದಷ್ಟು ಭಾಗ ಹಕ್ಕಿಯೇ ಬಳಿದುಕೊಂಡದ್ದು. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಸವರಿಕೊಳ್ಳುತ್ತದೆ.) ಗಂಡಿನ ಕಣ್ಣು ಕೆಂಪು. ಬರೆದರೆ ಚೆಂದ, ಆದರೆ ಕಾಳಿನಷ್ಟು ಜಾಗಕ್ಕಾಗಿ ಕೆಂಪಿಗೆ ಪ್ರತ್ಯೇಕ ಫ್ರೇಮ್ ಮಾಡಿಸಬೇಕು. ಹೆಣ್ಣಿನ ಕಣ್ಣು ಬಿಳಿ. ಹೆಣ್ಣನ್ನೇ ಬರೆಸಿ, ಕಣ್ಣಿನ ಸುತ್ತಲ ಚರ್ಮದ ಕೆಂಪನ್ನು ಕೈಬಿಟ್ಟರೆ ಒಂದು ಫ್ರೇಮ್ ಉಳಿಯಿತು, ಹಕ್ಕಿ ಬಲ್ಲವರೂ ಹೆಚ್ಚು ಆಕ್ಷೇಪ ಎತ್ತಲಾರರು.

ಇನ್ನು ಕಪ್ಪು. ಅಂಗಿಯೇ ಕಪ್ಪಾಗಿರುವಾಗ ಕಪ್ಪು ಶಾಯಿ ಯಾಕೆ? ಹಕ್ಕಿಯ ಮೈಯನ್ನೂ ದಪ್ಪ ಗೆರೆಗಳನ್ನೂ ಶಾಯಿ ಹಾಕದೆ ಖಾಲಿ ಬಿಟ್ಟರೆ ಬಟ್ಟೆಯೇ ಗೆರೆಯಾಗುತ್ತದೆ. ಬಿಳಿ, ಹಳದಿ ಎರಡೇ ಫ್ರೇಮ್ ಸಾಕು. ಕಪ್ಪು ಬಟ್ಟೆಯ ಮೇಲೆ ನೇರವಾಗಿ ಹಾಕಿದ ಹಳದಿ ಕೆಸರಿನಂತೆ ಕಾಣುವುದರಿಂದ ಅದರ ಅಡಿಗೂ ಬಿಳಿಯೇ ಬೇಕು, ಆ ಬಿಳಿಯನ್ನು ಅಂಚಿನಲ್ಲಿ ತುಸು ಒಳಗೆಳೆದರೆ ಹೊರಗೆ ಇಣುಕುವುದಿಲ್ಲ. ತೊಂದರೆ ಒಂದೇ: ಕಪ್ಪು ಹಕ್ಕಿ ಕಪ್ಪು ಅಂಗಿಯಲ್ಲಿ ಕರಗಿಹೋಗುತ್ತದೆ. ಅದಕ್ಕೆ ಸುತ್ತಲೂ ಒಂದು ಬಿಳಿ ಅಂಚು ಕಟ್ಟಬೇಕು.

ಇಷ್ಟು ಲೆಕ್ಕ ಮೊದಲೇ ಹಾಕಿಕೊಂಡರೆ ಪ್ರಾಂಪ್ಟ್ ತಾನಾಗಿ ರೂಪುಗೊಳ್ಳುತ್ತದೆ:

“ಹೆಣ್ಣು ದೊಡ್ಡ ಮಂಗಟ್ಟೆ ಹಕ್ಕಿ, ಪಕ್ಕದಿಂದ ಕಂಡಂತೆ, ಇಡೀ ಹಕ್ಕಿ ಚಿತ್ರದೊಳಗೆ, ನಾಲ್ಕೂ ಕಡೆ ಜಾಗ ಬಿಟ್ಟು. ಸಪಾಟಾದ ಮೂರು ಬಣ್ಣ: ಕಪ್ಪು, ಬಿಳಿ, ಹಳದಿ. ಗೆರೆಗಳೆಲ್ಲ ದಪ್ಪ, ಒಂದೇ ಅಗಲ. ಬಿಳಿ ಮತ್ತು ಹಳದಿಯ ನಡುವೆ ಎಲ್ಲೆಡೆ ಕಪ್ಪು ಗೆರೆ. ಹಕ್ಕಿಯ ಸುತ್ತ ದಪ್ಪ ಬಿಳಿ ಅಂಚು. ಹಿನ್ನೆಲೆ ಪೂರ್ತಿ ಒಂದೇ ಮೆಜೆಂಟಾ ಬಣ್ಣ.”

ಇಲ್ಲಿ ‘ನೆರಳು ಬೇಡ’ ಎಂದು ಬರೆದಿಲ್ಲ. ಅನೇಕ ಮಾದರಿಗಳಿಗೆ ‘ಬೇಡ’ ಸರಿಯಾಗಿ ತಲೆಗೆ ಹೋಗುವುದಿಲ್ಲ, ನೆರಳು ಎಂಬ ಮಾತು ಮಾತ್ರ ಹೋಗುತ್ತದೆ. ‘ಸಪಾಟಾದ ಬಣ್ಣ’ ಎಂದು ಬೇಕಾದ್ದನ್ನೇ ಹೇಳುವುದು ವಾಸಿ. ಬೇಡವಾದದ್ದಕ್ಕೆ ಬೇರೆ ಕಿಟಕಿ ಇರುವ ಸಾಧನವಾದರೆ ನೆರಳು, ಹೊಳಪು ಅಲ್ಲಿಗೆ ಹೋಗಲಿ. ಕನ್ನಡ ತಿಳಿಯದ ಹಳೆಯ ಮಾದರಿಗಳಿಗೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ.

ಮೆಜೆಂಟಾ ಯಾಕೆ? ಬಿಳಿ ಹಿನ್ನೆಲೆ ಕೇಳಿ, ಆಮೇಲೆ ಬಿಳಿಯನ್ನೆಲ್ಲ ತೆಗೆಯಲು ಹೋದರೆ ಕಣ್ಣು, ಕತ್ತು, ಬಾಲವೂ ತೂತಾಗುತ್ತವೆ. ಹಿನ್ನೆಲೆಯ ಬಣ್ಣ ಹಕ್ಕಿಯಲ್ಲಿ ಎಲ್ಲೂ ಇರಕೂಡದು. ಸಿನಿಮಾದವರಂತೆ ಹಸಿರು ಹಾಕಬಹುದಿತ್ತು, ಆದರೆ ಅಂಚಿನ ಚುಕ್ಕೆಗಳಲ್ಲಿ ಎರಡು ಬಣ್ಣ ಬೆರೆತಿರುತ್ತವೆ. ಹಸಿರೂ ಬಿಳಿಯೂ ಬೆರೆತ ಚುಕ್ಕೆ ಹಳದಿಗೂ ಹತ್ತಿರ, ಬಣ್ಣ ಇಳಿಸುವಾಗ ಬಿಳಿ ಅಂಚಿನ ಸುತ್ತ ಹಳದಿ ಹುಡಿ ಉಳಿಯಬಹುದು. ಮೆಜೆಂಟಾ ಹಳದಿಯಿಂದ ಬಹಳ ದೂರ.

ಬಂದ ಚಿತ್ರ ಕಣ್ಣಿಗೆ ನಾಲ್ಕು ಬಣ್ಣದ್ದಾದರೂ ಒಳಗೆ ಹಾಗಿರುವುದಿಲ್ಲ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದಿಂದ ಎಣಿಸಿದರೆ ಸಾವಿರಗಟ್ಟಲೆ ಬಣ್ಣ ಸಿಕ್ಕೀತು, ಹಳದಿಯಲ್ಲೇ ಹತ್ತಾರು ಛಾಯೆ. ಕೆಳಗಿನ ಮೊದಲ ಸಾಲು ಎಣಿಸುತ್ತದೆ, ಎರಡನೆಯದು ನಾಲ್ಕಕ್ಕೆ ಇಳಿಸುತ್ತದೆ, ಮೂರನೆಯದು ಮೆಜೆಂಟಾವನ್ನು ತೆಗೆದು ನಿಜವಾದ ಪಾರದರ್ಶಕ ಕಡತ ಮಾಡುತ್ತದೆ.

```
magick identify -format "%k" mangatte.png
magick mangatte.png +dither -colors 4 nalku.png
magick nalku.png -fuzz 15% -transparent "#FF00FF" angi.png
```

ಎರಡನೆಯ ಸಾಲಿನ `+dither` ಮರೆತರೆ ತಂತ್ರಾಂಶ ಬಣ್ಣದ ಕೊರತೆಯನ್ನು ಚುಕ್ಕೆಗಳ ಪುಡಿಯಿಂದ ತುಂಬಿಸುತ್ತದೆ, ಜಾಲರಿಗೆ ಅದು ಧೂಳು ಮಾತ್ರ. ಹಳದಿಯ ಜಾಗ ತೀರಾ ಚಿಕ್ಕದಿದ್ದರೆ ಹಳದಿಯೇ ಬಿದ್ದುಹೋಗಿ ಎರಡು ಬಗೆಯ ಕಪ್ಪು ಉಳಿಯುವುದೂ ಉಂಟು, ಆದ್ದರಿಂದ ಕಡತ ತೆರೆದು ಅಂಚುಗಳನ್ನು ಎಂಟು ಪಟ್ಟು ಹಿಗ್ಗಿಸಿ ನೋಡಬೇಕು. ಅಂಚಿನಲ್ಲಿ ಅರೆಪಾರದರ್ಶಕ ಚುಕ್ಕೆಗಳು ಉಳಿದಿದ್ದರೆ ಅವು ಡಿಜಿಟಲ್ ಪ್ರಿಂಟಿಗೂ ಕಂಟಕವೇ. ಅವುಗಳ ಅಡಿಗೂ ಯಂತ್ರ ಬಿಳಿ ಶಾಯಿ ಹಾಕುವುದರಿಂದ ಮಸುಕು ನೆರಳು ಕಪ್ಪು ಅಂಗಿಯ ಮೇಲೆ ಬೂದಿ ಮೆತ್ತಿದಂತಾಗುತ್ತದೆ.

ಕಡೆಗೆ ಅಳತೆ. 1024 ಚುಕ್ಕೆ ಅಗಲದ ಚಿತ್ರವನ್ನು ಎದೆಯ ಮೇಲೆ 12 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 85 ಚುಕ್ಕೆ ಮಾತ್ರ, ಪ್ರಿಂಟಿನವರು ಕೇಳುವುದು 300. ಇಂಕ್‌ಸ್ಕೇಪ್‌ನ `Trace Bitmap` ಚುಕ್ಕೆಗಳನ್ನು ಗೆರೆಗಳ ಗಣಿತಕ್ಕೆ ತಿರುಗಿಸುತ್ತದೆ, ಆಮೇಲೆ ಎಷ್ಟು ಹಿಗ್ಗಿಸಿದರೂ ಅಂಚು ಹರಿತವಾಗಿಯೇ ಇರುತ್ತದೆ. ಮುಚ್ಚಿದ ದಪ್ಪ ಗೆರೆ, ಸಪಾಟು ಬಣ್ಣದ ಚಿತ್ರಕ್ಕೆ ಇದು ಸಲೀಸು. ಒಂದೊಂದು ಗರಿಯನ್ನೂ ಬಿಡಿಸಿ ಬರೆದ ಹಕ್ಕಿಯನ್ನು ಕೊಟ್ಟರೆ ಸಾವಿರಾರು ಚೂರುಗಳ ರಂಪ.

ಇದೇ ಮಂಗಟ್ಟೆಯನ್ನು ಮರೂನ್ ಅಂಗಿಗೂ ಹಾಕಬಹುದು. ಆಗ ಕಪ್ಪಿಗೂ ಫ್ರೇಮ್ ಬೇಕು, ಒಟ್ಟು ಮೂರು. ಕಪ್ಪನ್ನು ಕೊನೆಗೆ ಎಳೆಯಬೇಕು, ಅದು ಬಿಳಿ ಮತ್ತು ಹಳದಿಯ ಅಂಚಿನ ಮೇಲೆ ತುಸು ಹತ್ತಿರಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಮರೂನ್ ಇಣುಕುತ್ತದೆ.