ಗಾರೆಯೊಳಗೆ ಬೆಲ್ಲ ಮಾಡುವ ಕೆಲಸ

ಸುಣ್ಣದ ಗಾರೆ ಬರಿದೇ ಒಣಗಿ ಗಟ್ಟಿಯಾಗುವುದಿಲ್ಲ. ನೀರು ಹಾಕಿ ಅರಳಿಸಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಈ ಅನಿಲ ಹೊರಗಿನಿಂದ ನಿಧಾನವಾಗಿ ಒಳಗಿಳಿಯಬೇಕು, ಅದು ಕರಗಲು ಗಾರೆಯಲ್ಲಿ ತುಸು ತೇವವೂ ಇರಬೇಕು. ಹೀಗಾಗಿ ದಪ್ಪ ಗೋಡೆಯ ನಡುಭಾಗ ವರ್ಷಗಟ್ಟಲೆ ಮೆತ್ತಗಿರುತ್ತದೆ. ಬಿಸಿಲಿಗೆ ಬೇಗ ಆರಿದ ಗಾರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಹಳೆಯ ಬೆರಕೆಗಳೆಲ್ಲ ಈ ಎರಡು ತೊಡಕುಗಳಿಗೆ ಹುಡುಕಿಕೊಂಡ ಉಪಾಯಗಳು.

ಇವುಗಳಲ್ಲಿ ಇಟ್ಟಿಗೆಪುಡಿ, ಅಂದರೆ ಸುರ್ಕಿ, ಬೇರೆಯೇ ಜಾತಿಯದು. ಹದವಾಗಿ ಸುಟ್ಟ ಜೇಡಿಮಣ್ಣಿನ ಸಿಲಿಕಾ ಮತ್ತು ಅಲ್ಯೂಮಿನಾ ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ಕೂಡಿ, ಸಿಮೆಂಟಿನಲ್ಲಿ ಹುಟ್ಟುವಂಥದೇ ಬಂಧಕವನ್ನು ಹುಟ್ಟಿಸುತ್ತವೆ. ಇದಕ್ಕೆ ಗಾಳಿಯ ಹಂಗಿಲ್ಲ, ನೀರಿನಡಿಯಲ್ಲೂ ನಡೆಯುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಕಲ್ಲುಕಟ್ಟಡವನ್ನು ಹಿಡಿದಿರುವುದು ಸುರ್ಕಿ ಗಾರೆಯೇ. ಆದರೆ ಎಲ್ಲ ಇಟ್ಟಿಗೆಯೂ ಇದಕ್ಕೆ ಆಗದು. ಅತಿಯಾಗಿ ಬೆಂದು ಗಾಜಿನಂತೆ ಹೊಳೆಯುವ ಇಟ್ಟಿಗೆಯ ಪುಡಿ ಬರಿಯ ಮರಳಿನಂತೆ ಸುಮ್ಮನಿರುತ್ತದೆ. ಅರೆಬೆಂದದ್ದು ಮಣ್ಣಾಗಿಯೇ ಉಳಿಯುತ್ತದೆ. ನುಣ್ಣಗೆ ಅರೆಯದಿದ್ದರೂ ಫಲ ಕಡಿಮೆ. ಸುಣ್ಣದೊಡನೆ ಕಲಸಿದ ಒಂದು ಉಂಡೆಯನ್ನು ಒಂದೆರಡು ದಿನ ಒದ್ದೆಬಟ್ಟೆಯಲ್ಲಿಟ್ಟು, ಆಮೇಲೆ ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಗುಣ ತಿಳಿಯುತ್ತದೆ: ಒಳ್ಳೆಯ ಸುರ್ಕಿಯ ಉಂಡೆ ಉಗುರಿಗೆ ಮಣಿಯದಷ್ಟು ಬಿಗಿಯುತ್ತದೆ, ಕೆಟ್ಟದ್ದು ಕರಗಿ ಕೆಸರಾಗುತ್ತದೆ.

ಬೆಲ್ಲ ಅಂಟಾಗಿರುವುದರಿಂದ ಗಾರೆಯನ್ನೂ ಅಂಟಿಸುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅದರ ಸಕ್ಕರೆ ಸುಣ್ಣವನ್ನು ನೀರಿನಲ್ಲಿ ಹೆಚ್ಚು ಕರಗಿಸುತ್ತದೆ, ಕಲಸುವುದಕ್ಕೆ ಬೇಕಾಗುವ ನೀರನ್ನೂ ತಗ್ಗಿಸುತ್ತದೆ. ನೀರು ಕಡಿಮೆಯಾದಷ್ಟೂ ಆರಿದ ಮೇಲೆ ಉಳಿಯುವ ಸಣ್ಣ ತೂತುಗಳು ಕಡಿಮೆ. ಬೆಲ್ಲವನ್ನು ಅಳಲೆಕಾಯಿಯೊಡನೆ ದಿನಗಟ್ಟಲೆ ನೆನೆಸಿ ಹುಳಿಬರಿಸಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಗಾರೆಯ ಒಳಗಿನಿಂದಲೇ ಅಷ್ಟಿಷ್ಟು ಸುಣ್ಣವನ್ನು ಕಲ್ಲಾಗಿಸುತ್ತದೆ. ತಾರಸಿಗೆ ಗಾರೆ ಬಡಿಯುವಾಗ ಈ ನೀರನ್ನು ಚಿಮುಕಿಸುತ್ತಿದ್ದುದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಅಳತೆ ಮೀರಿದರೆ ಮಾತ್ರ ಗಾರೆ ಬಿಗಿಯದೆ ಮೆತ್ತಗೇ ಉಳಿಯುತ್ತದೆ, ಬೂಷ್ಟೂ ಹಿಡಿಯಬಹುದು.

ಪಾಪಾಸುಕಳ್ಳಿಯ ಲೋಳೆಯ ಕೆಲಸ ಇನ್ನೂ ಸರಳ: ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಿಲಾವು ಕರಣೆಗೆ ಜಾರಿಕೊಂಡು ಬರುತ್ತದೆ, ನಿಧಾನವಾಗಿ ಆರುತ್ತದೆ, ಕೂದಲೆಳೆಯ ಬಿರುಕುಗಳು ತಗ್ಗುತ್ತವೆ. ಲೋಳೆಯಾಗಲಿ ಬೆಲ್ಲವಾಗಲಿ ಸುರ್ಕಿಯ ಬದಲಿಗೆ ನಿಲ್ಲಲಾರವು. ಸದಾ ನೀರು ನಿಲ್ಲುವಲ್ಲಿ ಅವನ್ನಷ್ಟೇ ನಂಬಿದ ಗಾರೆ ಕರಗುತ್ತದೆ.

ಹಳೆಯ ತಾರಸಿಗೆ ತೇಪೆ ಹಾಕುವವರು ಸಿಮೆಂಟಿಗೂ ಬೆಲ್ಲ ಬೆರೆಸುವ ತಪ್ಪು ಮಾಡಬಾರದು. ಚೂರು ಸಕ್ಕರೆ ಸೇರಿದರೂ ಸಾಕು, ಸಿಮೆಂಟು ಹೊತ್ತಿಗೆ ಸರಿಯಾಗಿ ಬಿಗಿಯುವುದಿಲ್ಲ.