ಪ್ಲೇಟ್‌ಲೆಟ್ ಚೀಲಕ್ಕೆ ಐಸ್ ಬೇಡ

ಡೆಂಗಿ ಹರಡುವ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ತರಲು ಹೊರಟ ಮನೆಯವರು ಐಸ್ ತುಂಬಿದ ಡಬ್ಬಿ ಹಿಡಿದು ಬ್ಲಡ್ ಬ್ಯಾಂಕಿಗೆ ಬರುವುದುಂಟು. ರಕ್ತದ ಚೀಲವನ್ನು ತಂಪಾಗಿಟ್ಟು ಒಯ್ಯುವುದನ್ನು ಅವರು ಕಂಡಿರುತ್ತಾರೆ, ಹಾಗಾಗಿ ಅವರ ಲೆಕ್ಕ ಸಹಜವೇ. ಆದರೆ ಪ್ಲೇಟ್‌ಲೆಟ್ ಕೆಡುವುದೇ ಆ ತಂಪಿನಿಂದ. ಒಬ್ಬರೇ ದಾನಿ ಕೊಟ್ಟ ರಕ್ತದ ಮೂರು ಭಾಗಗಳಿಗೆ ಮೂರು ಬೇರೆ ಬೇರೆ ಉಷ್ಣತೆ ಬೇಕು.

ಜುಲೈ 7, ಸೋಮವಾರ ಬೆಳಗ್ಗೆ ಹತ್ತಕ್ಕೆ ಒಬ್ಬರು 450 ಮಿಲಿಲೀಟರ್ ರಕ್ತ ಕೊಟ್ಟರು ಎಂದುಕೊಳ್ಳಿ. ಮುಖ್ಯ ಚೀಲಕ್ಕೆ ಇನ್ನೆರಡು ಖಾಲಿ ಚೀಲಗಳು ಕೊಳವೆಯಿಂದ ಜೋಡಿಸಿರುತ್ತವೆ. ಪ್ಲೇಟ್‌ಲೆಟ್ ತೆಗೆಯಬೇಕಿದ್ದರೆ ಈ ರಕ್ತವನ್ನು ಫ್ರಿಜ್‌ಗೆ ಹಾಕುವಂತಿಲ್ಲ; 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಟ್ಟು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಮೊದಲು ಮೆಲ್ಲಗೆ ತಿರುಗಿಸುತ್ತಾರೆ. ಭಾರವಾದ ಕೆಂಪು ಕಣಗಳು ತಳಕ್ಕಿಳಿಯುತ್ತವೆ. ಮೇಲೆ ನಿಂತ ಹಳದಿ ದ್ರವವನ್ನು ಪಕ್ಕದ ಚೀಲಕ್ಕೆ ಹಾಯಿಸಿ ಇನ್ನೊಮ್ಮೆ ಜೋರಾಗಿ ತಿರುಗಿಸಿದಾಗ ಪ್ಲೇಟ್‌ಲೆಟ್ ಕೆಳಗೆ ಕೂರುತ್ತದೆ, ಪ್ಲಾಸ್ಮಾ ಮೂರನೆಯ ಚೀಲಕ್ಕೆ ಹೋಗುತ್ತದೆ. ಇಷ್ಟು ಕೆಲಸ ಸಂಜೆ ನಾಲ್ಕರೊಳಗೆ, ಅಂದರೆ ಆರು ಗಂಟೆಯ ಒಳಗೆ ಮುಗಿಯಬೇಕು.

ಕೆಂಪು ಕಣಗಳು 2ರಿಂದ 6 ಡಿಗ್ರಿಯ ಫ್ರಿಜ್ ಸೇರುತ್ತವೆ. ಆ ತಂಪಿನಲ್ಲಿ ಕಣಗಳು ಚೀಲದಲ್ಲಿರುವ ಸಕ್ಕರೆಯನ್ನು ನಿಧಾನವಾಗಿ ಖರ್ಚು ಮಾಡುತ್ತವೆ, ಬ್ಯಾಕ್ಟೀರಿಯಾ ಬೆಳೆಯುವುದೂ ನಿಧಾನ. ಸಿಪಿಡಿಎ-1 ಎಂಬ ದ್ರಾವಣದಲ್ಲಿ 35 ದಿನ ಬಾಳುವ ಈ ಕಣಗಳು ಎಸ್ಎಜಿಎಂ ಎಂಬ ಪೋಷಕ ದ್ರಾವಣ ಸೇರಿಸಿದರೆ 42 ದಿನ, ಅಂದರೆ ಆಗಸ್ಟ್ 18ರವರೆಗೆ ಬಾಳುತ್ತವೆ. ಹಾಗೆಂದು ಸೊನ್ನೆಗಿಂತ ಕೆಳಗಿಳಿಸಿದರೆ ಒಳಗಿನ ನೀರು ಮಂಜುಗಟ್ಟಿ ಕಣಗಳು ಒಡೆಯುತ್ತವೆ. ಚೀಲದ ಮೇಲ್ಭಾಗದ ದ್ರವ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕಣಗಳು ಒಡೆದಿರಬಹುದು. ಅಂಥ ಚೀಲವನ್ನು ರೋಗಿಗೆ ಕೊಡುವುದಿಲ್ಲ.

ಪ್ಲಾಸ್ಮಾಕ್ಕೆ ಮೈನಸ್ 30 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಐದನೆಯದೂ ಎಂಟನೆಯದೂ ಬಹುಬೇಗ ಕುಂದುವಂಥವು, ಅದಕ್ಕೇ ಬೇಗನೆ ಗಡ್ಡೆಕಟ್ಟಿಸುವ ಅವಸರ. ಹೀಗೆ ಇಟ್ಟರೆ ಒಂದು ವರ್ಷ ಬಾಳುತ್ತದೆ. ಆದರೆ ಕರೆಂಟು ಹೋಗಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಹೊರನೋಟಕ್ಕೆ ಏನೂ ತಿಳಿಯದು. ಇದಕ್ಕೆ ಕೆಲವು ಬ್ಲಡ್ ಬ್ಯಾಂಕುಗಳಲ್ಲಿ ಒಂದು ಸರಳ ಉಪಾಯವಿದೆ: ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಗಟ್ಟಿಯಾಗಿಸಿ, ಆಮೇಲೆ ಬ್ಯಾಂಡ್ ತೆಗೆದುಬಿಡುತ್ತಾರೆ. ಅಲ್ಲಿ ಉಳಿದ ತಗ್ಗು ಹೊರತೆಗೆಯುವಾಗಲೂ ಹಾಗೇ ಇರಬೇಕು. ಅಳಿಸಿಹೋಗಿದ್ದರೆ ನಡುವೆ ಕರಗಿತ್ತೆಂದು ಅರ್ಥ.

ಮೂರರಲ್ಲಿ ಅತಿ ಕಷ್ಟದ ಸಾಕಣೆ ಪ್ಲೇಟ್‌ಲೆಟ್‌ನದು. ಇದನ್ನೂ ಹಿಂದೆ ಫ್ರಿಜ್‌ನಲ್ಲೇ ಇಡುತ್ತಿದ್ದರು. ತಂಪಾದ ಪ್ಲೇಟ್‌ಲೆಟ್ ರೋಗಿಯ ಮೈಯಲ್ಲಿ ಬೇಗನೆ ಮಾಯವಾಗುತ್ತದೆ, ಕೋಣೆಯ ಉಷ್ಣತೆಯಲ್ಲಿಟ್ಟದ್ದು ದಿನಗಟ್ಟಲೆ ಉಳಿಯುತ್ತದೆ ಎಂದು ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ 1969ರಲ್ಲಿ ತೋರಿಸಿಕೊಟ್ಟರು. ಚಪ್ಪಟೆ ಬಿಲ್ಲೆಯಂತಿರುವ ಪ್ಲೇಟ್‌ಲೆಟ್ ಚಳಿಗೆ ಗುಂಡಗಾಗುತ್ತದೆ, ಅದರ ಮೇಲ್ಮೈಯ ಪ್ರೋಟೀನುಗಳು ಗುಂಪುಗೂಡುತ್ತವೆ. ಅದನ್ನು ಗುರುತಿಸಿದ ಯಕೃತ್ತಿನ ಭಕ್ಷಕ ಕಣಗಳು ನುಂಗಿಬಿಡುತ್ತವೆ. ಆದ್ದರಿಂದಲೇ 20ರಿಂದ 24 ಡಿಗ್ರಿ. ಅಲ್ಲೂ ಸುಮ್ಮನೆ ಇಡುವಂತಿಲ್ಲ. ಜೀವಂತ ಕಣಗಳು ಉಸಿರಾಡಬೇಕು; ಗಾಳಿ ಹಾಯುವ ಪ್ಲಾಸ್ಟಿಕ್ಕಿನ ಚೀಲದಲ್ಲಿ ತುಂಬಿ, ಅಜಿಟೇಟರ್ ಯಂತ್ರದ ತಟ್ಟೆಯ ಮೇಲೆ ಹಗಲೂ ರಾತ್ರಿ ತೂಗುತ್ತಿರುತ್ತಾರೆ. ತೂಗುವುದು ನಿಂತರೆ ಆಮ್ಲಜನಕ ಸಾಲದೆ ಚೀಲದೊಳಗೆ ಆಮ್ಲ ಕೂಡಿ ಕಣಗಳು ಕೆಡುತ್ತವೆ.

ಇಷ್ಟು ಬೆಚ್ಚಗಿನ ಜಾಗ ಬ್ಯಾಕ್ಟೀರಿಯಾಕ್ಕೂ ಹಿತವೇ. ದಾನಿಯ ಚರ್ಮದಿಂದ ಒಂದೆರಡು ಸೇರಿದ್ದರೂ ಅವು ಬೆಳೆಯುತ್ತ ಹೋಗುತ್ತವೆ, ಹಾಗಾಗಿ ಬಾಳಿಕೆ ಐದೇ ದಿನ. ನಮ್ಮ ಸೋಮವಾರದ ಚೀಲ ಶನಿವಾರ, ಜುಲೈ 12ರ ಮಧ್ಯರಾತ್ರಿಗೆ ಮುಗಿಯಿತು. ಎಚ್ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯ ಪರೀಕ್ಷೆಗಳ ಫಲಿತಾಂಶ ಬರುವ ಹೊತ್ತಿಗೆ ಇದರಲ್ಲೇ ಒಂದಿಷ್ಟು ಸಮಯ ಕಳೆದಿರುತ್ತದೆ. ವಾರದ ಮೊದಲಿಗೆ ದೊಡ್ಡ ಶಿಬಿರ ನಡೆದರೂ ಮುಂದಿನ ವಾರಕ್ಕೆ ಪ್ಲೇಟ್‌ಲೆಟ್ ಇಲ್ಲವೆನ್ನುವುದು ಈ ಕಾರಣಕ್ಕೆ.

ಕೊಡುವ ಮುನ್ನ ತಂತ್ರಜ್ಞರು ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುವುತ್ತಾರೆ. ಕಣಗಳು ಚಪ್ಪಟೆಯಾಗಿ ಉಳಿದಿದ್ದರೆ ಒಳಗೆ ಮಿನುಗುವ ಸುಳಿಗಳು ಏಳುತ್ತವೆ. ಗುಂಡಗಾಗಿದ್ದರೆ ಸುಳಿ ಕಾಣದು, ದ್ರವ ಮಂಕಾಗಿರುತ್ತದೆ. ಚಳಿಗೆ ಸಿಕ್ಕಿದ್ದನ್ನೂ ಆಮ್ಲಕ್ಕೆ ಕೆಟ್ಟದ್ದನ್ನೂ ಇದು ತೋರಿಸಿಕೊಡುತ್ತದೆ. ಬ್ಯಾಕ್ಟೀರಿಯಾ ಇಲ್ಲವೆಂದು ಮಾತ್ರ ಇದರಿಂದ ಹೇಳಲಾಗದು.

ಇಷ್ಟೆಲ್ಲ ಜತನ ಮಾಡಿದ ಚೀಲ ಕೊನೆಗೆ ವಾರ್ಡಿನಲ್ಲಿ ಕೆಡುವುದು ಬಹಳ ನೋವಿನ ಸಂಗತಿ. ಪ್ಲೇಟ್‌ಲೆಟ್ ತಲುಪಿದ ಕೂಡಲೆ ಏರಿಸಲು ಶುರುಮಾಡಬೇಕು. ಡ್ಯೂಟಿ ಡಾಕ್ಟರ್ ಬರುವತನಕ ಇರಲಿ ಎಂದು ಔಷಧಿಯ ಫ್ರಿಜ್‌ನಲ್ಲಿ ಇಡಬಾರದು. ಕೆಂಪು ಕಣಗಳ ಚೀಲವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿ ಬೆಚ್ಚಗೆ ಮಾಡಬಾರದು, ಹಾಗೆ ಮಾಡಿದರೆ ಕಣಗಳು ಒಡೆಯುತ್ತವೆ. ಆ ಚೀಲ ಫ್ರಿಜ್‌ನಿಂದ ಹೊರಬಂದು ಅರ್ಧ ಗಂಟೆ ಮೀರಿದರೆ ಬ್ಲಡ್ ಬ್ಯಾಂಕು ಸಾಮಾನ್ಯವಾಗಿ ಅದನ್ನು ವಾಪಸು ದಾಸ್ತಾನಿಗೆ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ರೋಗಿಯ ತೋಳಿಗೆ ಸೂಜಿ ಸಿದ್ಧವಾದ ಮೇಲೆಯೇ ಚೀಲ ತರಿಸಿಕೊಳ್ಳುವುದು ಒಳ್ಳೆಯದು.